ಕ್ರೇನಿಗೆ ‘ನಿಲ್ಲು’ ಎನ್ನುವುದು ಹೇಗೆ: ಕಾಲುವೆಯ ಮೇಲಿನ ಮೂರು ಬೀಮ್‌ಗಳ ಕಥೆ

ಬಸವನ ಬಾಗೇವಾಡಿ ತಾಲೂಕಿನ ಎರೆ ಭೂಮಿಯಲ್ಲಿ ಹಾದುಹೋಗುವ ಒಂದು ಉಪಕಾಲುವೆಗೆ ರೈತರ ಬಂಡಿ ದಾಟಲು ಸಣ್ಣ ಸೇತುವೆ ಕಟ್ಟುತ್ತಿದ್ದಾಗ ನಾನು ಸೈಟ್ ಇಂಜಿನಿಯರಾಗಿ ಸೇರಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಎರಡೂ ದಡದ ಗೋಡೆಗಳು ಎದ್ದಿದ್ದವು, ಪಕ್ಕದ ಹೊಲದಲ್ಲಿ ಮೂರು ಕಾಂಕ್ರೀಟ್ ಬೀಮ್‌ಗಳನ್ನು ಎರಕ ಹೊಯ್ದು ಕ್ಯೂರಿಂಗ್ ಮುಗಿಸಲಾಗಿತ್ತು, ಕಾಲುವೆಗೆ ನೀರು ಬಿಡುವ ಮೊದಲು ಅವನ್ನು ಗೋಡೆಗಳ ಮೇಲೆ ಕೂರಿಸುವುದಷ್ಟೇ ಉಳಿದಿತ್ತು. ಹಿಂದಿನ ಎರಡು ರಾತ್ರಿ ರೋಹಿಣಿ ಮಳೆ ಬಿದ್ದಿತ್ತು. ಬೆಳಿಗ್ಗೆ ಹದಿನಾಲ್ಕು ಟನ್ನಿನ ಹೈಡ್ರಾ ಕ್ರೇನ್ ಬಂದು ಮೊದಲ ಬೀಮನ್ನು ನೆಲದಿಂದ ಒಂದು ಅಡಿಯಷ್ಟು ಎತ್ತಿದಾಗ ಬೀಮನ್ನು ಕೊಕ್ಕೆಗೆ ಕಟ್ಟಿದ್ದ ತಂತಿಹಗ್ಗದ ಸ್ಲಿಂಗ್‌ನ ಎರಡು ಎಳೆಗಳು ಕೊಕ್ಕೆಯಿಂದ ಬಹಳ ಚಪ್ಪಟೆಯಾಗಿ ಹರಡಿಕೊಂಡಿದ್ದವು. ಬೀಮ್‌ನಲ್ಲಿ ಹುದುಗಿಸಿದ್ದ ಕಬ್ಬಿಣದ ಬಳೆಯೊಂದು ಒಳಮುಖವಾಗಿ ಬಾಗಿ, ಅದರ ಬುಡದಲ್ಲಿ ಉಗುರಿನಷ್ಟು ಕಾಂಕ್ರೀಟ್ ಸಿಡಿದು ಬಿತ್ತು.

ಏನೋ ಸರಿಯಿಲ್ಲ ಎಂದು ನನಗೆ ಗೊತ್ತಾಯಿತು, ಆದರೆ ಏನು ಮಾಡಬೇಕೆಂದು ಗೊತ್ತಾಗಲಿಲ್ಲ. “ಏ, ನಿಲ್ಲಸ್ರಿ” ಎಂದು ಕೂಗಿದೆ. ಇಂಜಿನ್ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ, ಕ್ರೇನ್ ಇನ್ನೊಂದು ಅಡಿ ಎತ್ತಿತು. ಆ ಹೊತ್ತಿಗೆ ಭಾರ ಕಟ್ಟಿ ಎತ್ತಿಸುವ ಮುಖ್ಯ ಖಲಾಸಿ ನನ್ನ ಮುಖವನ್ನೊಮ್ಮೆ, ನಾನು ನೋಡುತ್ತಿದ್ದ ಬಳೆಯನ್ನೊಮ್ಮೆ ನೋಡಿ ತಾನೇ ಕೈ ಬೀಸಿ ನಿಲ್ಲಿಸಿದರು. ಅಂದು ಮಧ್ಯಾಹ್ನದವರೆಗೆ ಅವರಿಂದ ಕಲಿತದ್ದನ್ನೂ, ಬಳಿಕ ಹಲವು ಸೈಟುಗಳಲ್ಲಿ ಅದನ್ನು ಬಳಸಿ ನೋಡಿದ್ದನ್ನೂ ಈಗ ಹೊಸದಾಗಿ ಸೇರಿದವರಿಗಾಗಿ ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೈ, ಆಮೇಲೆ ಬಾಯಿ

ಕ್ರೇನ್ ಆಪರೇಟರ್ ಸಾಮಾನ್ಯವಾಗಿ ಒಬ್ಬನೇ ವ್ಯಕ್ತಿಯ, ಅಂದರೆ ಸಿಗ್ನಲ್ ಕೊಡಲು ನಿಂತ ಖಲಾಸಿಯ, ಸನ್ನೆಯನ್ನಷ್ಟೇ ಪಾಲಿಸಬೇಕು. ಹಲವರು ಹಲವು ಕಡೆಯಿಂದ ಕೈ ಮಾಡಿದರೆ ಭಾರ ಎತ್ತ ಹೋಗುತ್ತದೋ ಹೇಳಲಾಗದು. ಈ ನಿಯಮಕ್ಕೆ ಇರುವ ಒಂದೇ ಹೊರತು ‘ನಿಲ್ಲು’ ಎಂಬ ಸನ್ನೆ. ಅದನ್ನು ನೀರು ಹಾಕಲು ಬಂದ ಹುಡುಗ ಕೊಟ್ಟರೂ ಆಪರೇಟರ್ ನಿಲ್ಲಿಸಬೇಕು. ತುರ್ತಾಗಿ ನಿಲ್ಲಿಸಬೇಕಾದಾಗ ಎರಡೂ ಕೈಗಳನ್ನು ಭುಜದ ಮಟ್ಟದಲ್ಲಿ ಪಕ್ಕಕ್ಕೆ ಚಾಚಿ, ಅಂಗೈಗಳನ್ನು ನೆಲದ ಕಡೆ ಮಾಡಿ, ಹಿಂದೆ ಮುಂದೆ ಬೀಸುತ್ತ ಇರಬೇಕು. ಸೈಟಿನಿಂದ ಸೈಟಿಗೆ ಸನ್ನೆಗಳಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರುವುದರಿಂದ ಕೆಲಸ ಶುರುವಾಗುವ ಮೊದಲು ಆಪರೇಟರ್ ಎದುರಿಗೆ ಒಮ್ಮೆ ಮಾಡಿ ತೋರಿಸಿ, ಅವನೂ ಅದನ್ನೇ ‘ನಿಲ್ಲು’ ಎಂದು ಓದುತ್ತಾನೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಅದಕ್ಕೆ ಅರ್ಧ ನಿಮಿಷವೂ ಬೇಕಾಗುವುದಿಲ್ಲ.

ಎಲ್ಲಿ ನಿಂತು ಕೈ ಬೀಸುತ್ತೇವೆ ಎಂಬುದೂ ಅಷ್ಟೇ ಮುಖ್ಯ. ಆಪರೇಟರ್ ಕಣ್ಣಿಗೆ ನೀವು ಬೀಳಬೇಕು, ಆದರೆ ಭಾರದ ಕೆಳಗಾಗಲಿ, ಭಾರ ಮತ್ತು ಗೋಡೆಯ ನಡುವಿನ ಇಕ್ಕಟ್ಟಿನಲ್ಲಾಗಲಿ, ಬಿಗಿದ ಸ್ಲಿಂಗ್‌ನ ನೇರದಲ್ಲಾಗಲಿ ನಿಲ್ಲಬಾರದು. ತುಂಡಾದ ತಂತಿಹಗ್ಗ ತನ್ನ ನೇರದಲ್ಲೇ ಚಾಟಿಯಂತೆ ಹಿಂದಕ್ಕೆ ಹೊಡೆಯುತ್ತದೆ. ನಾನು ಅಂದು ಕೂಗುತ್ತ ಬೀಮ್‌ನ ತುದಿಯ ಕಡೆಗೇ ಓಡಿದ್ದೆ, ಅಂದರೆ ಯಾವುದರ ಅಪಾಯ ಕಂಡಿದ್ದೆನೋ ಅದರ ಬಾಯಿಗೇ.

ಕ್ರೇನ್ ನಿಂತಿತು ಎಂದರೆ ಕೆಲಸ ಅರ್ಧವಷ್ಟೇ ಆಯಿತು, ಏಕೆಂದರೆ ತೂಗುತ್ತಿರುವ ಭಾರ ಹಾಗೆಯೇ ಇದೆ. ಗಾಬರಿಯಲ್ಲಿ ಥಟ್ಟನೆ ಇಳಿಸಿದರೆ ಬರುವ ಜಗ್ಗು ಮೊದಲಿದ್ದ ತೊಂದರೆಗಿಂತ ಹೆಚ್ಚಿನದಾಗಬಹುದು. ಖಲಾಸಿ ಕಾಕಾ ಮೊದಲು ಎಲ್ಲರನ್ನೂ ದೂರ ಸರಿಸಿದರು, ಬೀಮ್ ಓಲಾಡುವುದು ನಿಲ್ಲುವವರೆಗೆ ಕಾದರು, ಕೆಳಗೆ ಮೊದಲಿದ್ದ ಮರದ ದಿಮ್ಮಿಗಳು ಸ್ಥಳದಲ್ಲೇ ಇವೆಯೇ ಎಂದು ದೂರದಿಂದಲೇ ನೋಡಿಕೊಂಡರು, ಆಮೇಲೆ ತೋರುಬೆರಳನ್ನು ಕೆಳಗೆ ಮಾಡಿ ಸಣ್ಣಗೆ ಸುತ್ತಿಸುತ್ತ ನಿಧಾನವಾಗಿ ಇಳಿಸಿಕೊಂಡರು. ಸ್ಲಿಂಗ್ ಸಡಿಲವಾಗುವವರೆಗೆ ಆಪರೇಟರ್ ಸೀಟು ಬಿಟ್ಟು ಏಳಲಿಲ್ಲ. ಏಳಲೂಬಾರದು.

‘ಭಯ ಆಗ್ತದ’ ಎನ್ನಬೇಡಿ, ಕಂಡದ್ದನ್ನು ತೋರಿಸಿ

ಬೀಮ್ ನೆಲ ಮುಟ್ಟಿದ ಕೂಡಲೇ ಗುತ್ತಿಗೆದಾರರ ಕಡೆಯ ಸೂಪರ್‌ವೈಸರ್ ಬಂದು, “ಯಾಕ್ರಿ ಸಾಹೇಬ್ರ, ಏನಾತು? ನಿನ್ನೆ ಇದ ಸ್ಲಿಂಗ್‌ಲೇ ಮೂರೂ ಬೀಮ್ ಎತ್ತಿ ಇಲ್ಲಿ ತಂದಿಟ್ಟೇವಲ್ರಿ, ಏನೂ ಆಗಿಲ್ಲ” ಎಂದರು. ನಾನು “ನೋಡಿದರ ಸರಿ ಅನಸವಲ್ದು” ಎಂದೆ. ಅಂಥ ಮಾತಿಗೆ ಯಾರ ಬಳಿಯೂ ಉತ್ತರವಿರುವುದಿಲ್ಲ, ಆದ್ದರಿಂದ ಯಾರೂ ಅದಕ್ಕೆ ತಲೆಬಾಗುವುದೂ ಇಲ್ಲ. ಖಲಾಸಿ ಕಾಕಾ ಬಾಗಿದ ಬಳೆಯ ಮೇಲೆ ಬೆರಳಿಟ್ಟು, “ಇದನ್ನ ನೋಡ್ರಿ. ಸ್ಲಿಂಗ್ ಗಿಡ್ಡ ಆಗ್ಯಾವ. ಟೇಪ್ ತರ್ರಿ” ಎಂದರಷ್ಟೇ. ಎಲ್ಲರೂ ನೋಡಬಹುದಾದ ಒಂದು ವಸ್ತುವನ್ನು ತೋರಿಸಿ, ಅಳೆಯಬಹುದಾದ ಒಂದು ಮಾತನ್ನು ಹೇಳಿದ ಮೇಲೆ ಚರ್ಚೆ ಟೇಪಿನ ಕಡೆಗೆ ತಿರುಗಿತು.

ನಾವು ಅಳೆದದ್ದು ಮೂರೇ ಸಂಗತಿ. ಬೀಮ್ 6 ಮೀಟರ್ ಉದ್ದ, 0.6 ಮೀಟರ್ ಎತ್ತರ, 0.5 ಮೀಟರ್ ಅಗಲ, ಅಂದರೆ 1.8 ಘನ ಮೀಟರ್. ಕಬ್ಬಿಣ ಹಾಕಿದ ಕಾಂಕ್ರೀಟನ್ನು ಘನ ಮೀಟರಿಗೆ ಎರಡೂವರೆ ಟನ್ ಎಂದು ಹಿಡಿದರೆ ತೂಕ ನಾಲ್ಕೂವರೆ ಟನ್. ಸೂಪರ್‌ವೈಸರ್ ಆವರೆಗೂ ‘ಮೂರು, ಮೂರೂವರೆ’ ಎನ್ನುತ್ತಿದ್ದರು. ಬಾಯಿಮಾತಿನ ತೂಕ ಯಾವಾಗಲೂ ಕಡಿಮೆಯ ಕಡೆಗೇ ಜಾರುವುದನ್ನು ನಾನು ಅನೇಕ ಕಡೆ ನೋಡಿದ್ದೇನೆ. ಇನ್ನು ಎರಡು ಬಳೆಗಳ ನಡುವಿನ ಅಂತರ 4 ಮೀಟರ್, ಸ್ಲಿಂಗ್‌ನ ಒಂದೊಂದು ಎಳೆಯ ಉದ್ದ 2.3 ಮೀಟರ್. ಪ್ರತಿ ಎಳೆಯ ತಗಡಿನ ಮೇಲೆ ಕೊರೆದಿದ್ದ ಸುರಕ್ಷಿತ ಭಾರ ಮಿತಿ 3 ಟನ್.

ನಾಲ್ಕೂವರೆ ಟನ್ನನ್ನು ಎರಡು ಎಳೆಗಳು ಹಂಚಿಕೊಂಡರೆ ತಲಾ ಎರಡೂಕಾಲು ಟನ್, ಮಿತಿಯೊಳಗೇ ಇದೆ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಎಳೆಗಳು ನೆಟ್ಟಗೆ ತೂಗುತ್ತಿದ್ದರೆ ಅದು ನಿಜವೂ ಹೌದು. ಓರೆಯಾದ ಎಳೆ ಭಾರವನ್ನು ಮೇಲೆತ್ತುವುದರ ಜೊತೆಗೆ ಇನ್ನೊಂದು ಎಳೆಯನ್ನು ತನ್ನ ಕಡೆಗೆ ಜಗ್ಗುತ್ತಲೂ ಇರುತ್ತದೆ, ಚಪ್ಪಟೆಯಾದಷ್ಟೂ ಆ ಜಗ್ಗಾಟ ಹೆಚ್ಚು. ಇದನ್ನು ಲೆಕ್ಕ ಹಾಕಲು ಕೋನಮಾಪಕ ಬೇಕಿಲ್ಲ. ತೂಕ W, ಎಳೆಯ ಉದ್ದ L, ಬಳೆಗಳ ಮಟ್ಟದಿಂದ ಕೊಕ್ಕೆಯವರೆಗಿನ ನೇರ ಎತ್ತರ H ಎಂದಿಟ್ಟುಕೊಂಡರೆ ಒಂದೊಂದು ಎಳೆಯ ಮೇಲಿನ ಎಳೆತ T ಹೀಗೆ ಸಿಗುತ್ತದೆ:

```
T = (W × L) / (2 × H)
```

ಬಳೆಗಳ ಅರ್ಧ ಅಂತರ 2 ಮೀಟರ್, ಎಳೆ 2.3 ಮೀಟರ್ ಇದ್ದಾಗ ಕೊಕ್ಕೆ ಬೀಮಿನಿಂದ ಕೇವಲ 1.14 ಮೀಟರ್ ಮೇಲಿರುತ್ತದೆ. ನಾಲ್ಕೂವರೆಯನ್ನು 2.3ರಿಂದ ಗುಣಿಸಿ 2.28ರಿಂದ ಭಾಗಿಸಿದರೆ ನಾಲ್ಕೂವರೆ ಟನ್ನಿಗಿಂತ ತುಸು ಹೆಚ್ಚೇ ಬರುತ್ತದೆ. ಅಂದರೆ ಒಂದೊಂದು ಎಳೆಯೂ ಇಡೀ ಬೀಮಿನ ತೂಕದಷ್ಟು ಎಳೆತವನ್ನು ಹೊತ್ತಿತ್ತು. ಎರಡು ಎಳೆ ಹಾಕಿಯೂ ಒಂದರ ಲಾಭವಷ್ಟೇ ಆದಂತಾಯಿತು.

ಹಾಗಿದ್ದರೆ ನಿನ್ನೆ ಏಕೆ ಏನೂ ಆಗಲಿಲ್ಲ? ಈ ಪ್ರಶ್ನೆಗೆ ನೇರ ಉತ್ತರ ಕೊಡದಿದ್ದರೆ ಸೂಪರ್‌ವೈಸರ್ ನಿಮ್ಮನ್ನು ಪುಸ್ತಕದ ಹುಳು ಎಂದೇ ತಿಳಿಯುತ್ತಾರೆ. ತಂತಿಹಗ್ಗದ ಸ್ಲಿಂಗ್‌ನ ಮೇಲೆ ಬರೆದ ಮಿತಿ ಅದು ಕಡಿಯುವ ಭಾರದ ಸುಮಾರು ಐದನೇ ಒಂದು ಪಾಲು ಇರುತ್ತದೆ. ಮೂರು ಟನ್ ಎಂದು ಬರೆದ ಹೊಸ ಸ್ಲಿಂಗ್ ಹದಿನೈದು ಟನ್ನಿನ ಆಸುಪಾಸಿನವರೆಗೆ ತಡೆಯಬಹುದು. ಆದ್ದರಿಂದ ನಾಲ್ಕೂವರೆ ಟನ್ ಬಿದ್ದಾಗ ಅದು ಕಡಿಯಲಿಲ್ಲ. ಆ ಐದುಪಟ್ಟು ಇರುವುದು ಹಗ್ಗದ ಸವೆತಕ್ಕೆ, ಮೂಲೆಗೆ ಉಜ್ಜಿ ಹರಿದ ತಂತಿಗಳಿಗೆ, ಎತ್ತುವಾಗ ಬೀಳುವ ಜಗ್ಗಿಗೆ ಮೀಸಲು. ಅದನ್ನು ನಿನ್ನೆ ನಾವು ತಿಳಿಯದೆ ಖರ್ಚು ಮಾಡಿದ್ದೆವು. ಬಳೆಗಳಿಗೆ ಅಂಥ ಮೀಸಲು ಇರಲಿಲ್ಲ. ನೆಟ್ಟಗೆ ಎಳೆಸಿಕೊಳ್ಳಲು ಹುದುಗಿಸಿದ ಬಳೆಯನ್ನು ಸುಮಾರು ನಾಲ್ಕು ಟನ್ ಬಲ ಅಡ್ಡಕ್ಕೆ ಜಗ್ಗಿದ್ದರಿಂದಲೇ ಅದು ಬಾಗಿದ್ದು.

ಲೆಕ್ಕ ಹಾಕುವಷ್ಟು ವ್ಯವಧಾನವಿಲ್ಲದಾಗ ಖಲಾಸಿ ಕಾಕಾ ಬಳಸುವ ಅಳತೆ ಒಂದಿದೆ: ಎಳೆಯ ಉದ್ದ ಬಳೆಗಳ ನಡುವಿನ ಅಂತರಕ್ಕಿಂತ ಕಡಿಮೆ ಇರಬಾರದು. ಎರಡೂ ಸಮನಾಗಿದ್ದರೆ ಮೂರು ಬದಿಯೂ ಸಮನಾದ ತ್ರಿಕೋನವಾಗುತ್ತದೆ, ಎಳೆ ಬೀಮಿಗೆ 60 ಡಿಗ್ರಿಯಲ್ಲಿ ನಿಲ್ಲುತ್ತದೆ. ನಮ್ಮ ಬೀಮಿಗೆ 4 ಮೀಟರಿನ ಎಳೆ ಹಾಕಿದರೆ ಕೊಕ್ಕೆಯ ಎತ್ತರ 3.46 ಮೀಟರ್, ಎಳೆತ ತಲಾ 2.6 ಟನ್. ಅದೇ ಮೂರು ಟನ್ನಿನ ದಪ್ಪ ಸಾಕು. ಬೇಕಾದದ್ದು ಉದ್ದ ಮಾತ್ರ.

ಒಂದನ್ನು ಸರಿಪಡಿಸಿದಾಗ ಇನ್ನೊಂದು ಕೆಟ್ಟಿತೇ ಎಂದು ನೋಡಿ

ಸೂಪರ್‌ವೈಸರ್ ಇದಕ್ಕೆ ಒಪ್ಪಿ, ಉದ್ದದ ಸ್ಲಿಂಗ್ ತರಲು ಬೈಕ್ ಕಳಿಸಲು ಹೊರಟರು. ನನಗೆ ಗೆದ್ದ ಭಾವ ಬಂದಿತ್ತು. ಆಗ ಆಪರೇಟರ್ ಕ್ಯಾಬಿನ್‌ನಿಂದ ತಲೆ ಹೊರಹಾಕಿ, “ಸ್ಲಿಂಗ್ ಉದ್ದ ಮಾಡಿದರ ಹುಕ್ ಎರಡು ಮೀಟರ್ ಮ್ಯಾಲ ಹೋಗಬೇಕ್ರಿ, ಬೂಮ್ ಹೊರಗ ತಗೀಬೇಕಾಗ್ತದ” ಎಂದ. ಅವನು ಹೇಳಿದ್ದು ಸರಿಯಾಗಿತ್ತು, ಮತ್ತು ಆ ಮಾತಿನಿಂದಲೇ ಅಸಲಿ ತೊಂದರೆ ಹೊರಬಿತ್ತು.

ಹದಿನಾಲ್ಕು ಟನ್ನಿನ ಹೈಡ್ರಾ ಹದಿನಾಲ್ಕು ಟನ್ ಎತ್ತುವುದು ಬೂಮ್ ಪೂರ್ತಿ ಒಳಗಿದ್ದು, ಭಾರ ಅದರ ಮೂತಿಗೆ ಹತ್ತಿಕೊಂಡಂತಿರುವಾಗ ಮಾತ್ರ. ಕೊಕ್ಕೆ ಮುಂದೆ ಹೋದಂತೆ ಸಾಮರ್ಥ್ಯ ಬಹಳ ಬೇಗ ಇಳಿಯುತ್ತದೆ. ಕ್ಯಾಬಿನ್‌ನಲ್ಲಿ ಅಂಟಿಸಿದ ಲೋಡ್ ಚಾರ್ಟಿನಲ್ಲಿ ಯಾವ ದೂರಕ್ಕೆ ಎಷ್ಟು ಎಂದು ಬರೆದಿರುತ್ತದೆ, ದೂರವನ್ನು ಯಂತ್ರದ ಯಾವ ಬಿಂದುವಿನಿಂದ ಅಳೆಯಬೇಕೆಂಬುದೂ ಅದರಲ್ಲೇ ಇರುತ್ತದೆ. ನಮ್ಮ ಯಂತ್ರದ ಚಾರ್ಟಿನ ಮೇಲಿದ್ದ ಧೂಳನ್ನು ಆಪರೇಟರ್ ತನ್ನ ತೋಳಿನಿಂದಲೇ ಒರೆಸಿದ. ಅದರಲ್ಲಿ ದೂರವನ್ನು ಮುಂದಿನ ಬಂಪರಿನಿಂದ ಅಳೆದಿದ್ದರು. ಬೇಕಾದ ಬೂಮ್ ಉದ್ದಕ್ಕೆ ಮೂರೂವರೆ ಮೀಟರಿಗೆ ಐದು ಟನ್ ಚಿಲ್ಲರೆ, ಐದು ಮೀಟರಿಗೆ ಮೂರೂವರೆ ಟನ್ ಚಿಲ್ಲರೆ ಎಂದಿತ್ತು. ಕೊಕ್ಕೆ, ಸ್ಲಿಂಗ್, ಶಾಕಲ್ ಸೇರಿ ನಮ್ಮ ಭಾರ ನಾಲ್ಕು ಟನ್ ಏಳುನೂರು ಕಿಲೋ.

ಇಲ್ಲಿ ಹೊಸಬರು ಮಾಡುವ ತಪ್ಪೆಂದರೆ ಎತ್ತುವ ಜಾಗದಲ್ಲಿನ ದೂರವನ್ನಷ್ಟೇ ಅಳೆಯುವುದು. ಬೀಮನ್ನು ಹೊಲದಲ್ಲಿ ಎತ್ತುವಾಗ ಕ್ರೇನ್ ಅದರ ಪಕ್ಕಕ್ಕೇ ಹೋಗಬಹುದು. ಅದನ್ನು ಇಡಬೇಕಾದದ್ದು ಕಾಲುವೆಗೆ ಅಡ್ಡಲಾಗಿ. ಆರು ಮೀಟರ್ ಬೀಮಿನ ನಡುಭಾಗ, ಅಂದರೆ ಕೊಕ್ಕೆ ನಿಲ್ಲುವ ಜಾಗ, ಈಚೆ ದಡದ ಗೋಡೆಯಿಂದ ಮೂರು ಮೀಟರ್ ಆಚೆಗೆ ಬರುತ್ತದೆ. ಕ್ರೇನ್ ಗೋಡೆಗೆ ಅರ್ಧ ಮೀಟರ್ ಹತ್ತಿರ ಹೋಗಿ ನಿಂತರೆ ದೂರ ಮೂರೂವರೆ ಮೀಟರ್, ಚಾರ್ಟಿನ ಪ್ರಕಾರ ಸಾಗುತ್ತದೆ. ಆಪರೇಟರ್ ಮನಸ್ಸಿನಲ್ಲಿ ಇದ್ದದ್ದೂ ಅದೇ.

ಆದರೆ ಚಾರ್ಟಿನ ಪ್ರತಿಯೊಂದು ಅಂಕಿಯೂ ಗಟ್ಟಿಯಾದ, ಸಮತಟ್ಟಾದ ನೆಲಕ್ಕೆ ಕೊಟ್ಟದ್ದು. ಗೋಡೆಯ ಹಿಂದೆ ಇದ್ದದ್ದು ಅಗೆದು ಮತ್ತೆ ತುಂಬಿದ, ಸರಿಯಾಗಿ ದಮ್ಮಸ್ಸು ಮಾಡದ ಎರೆ ಮಣ್ಣು, ಅದೂ ಎರಡು ಮಳೆ ಕುಡಿದದ್ದು. ಎರೆ ಮಣ್ಣಿನ ಮೋಸ ಇರುವುದು ಅದರ ಮೇಲ್ಮೈಯಲ್ಲಿ. ಅರ್ಧ ದಿನ ಬಿಸಿಲು ಬಿದ್ದರೆ ಮೇಲೆ ಹೆಪ್ಪುಗಟ್ಟಿ ಬಿರುಕು ಬಿಟ್ಟು ಗಟ್ಟಿಯಾದಂತೆ ಕಾಣುತ್ತದೆ, ಕೆಳಗೆ ಬೆಣ್ಣೆಯಂತಿರುತ್ತದೆ. ಕಾಕಾ ಒಂದು ಹಾರೆಯನ್ನು ತಂದು, ಹೊಡೆಯದೆ, ಬರೀ ಮೈಭಾರ ಹಾಕಿ ಒತ್ತಿದರು. ಅದು ಒಂದು ಅಡಿಯಷ್ಟು ಸಲೀಸಾಗಿ ಇಳಿಯಿತು. ಹೊರತೆಗೆದಾಗ ತುದಿಯಲ್ಲಿ ಕಪ್ಪು ಮಣ್ಣು ಮೇಣದಂತೆ ಮೆತ್ತಿಕೊಂಡಿತ್ತು. ಇದು ಮಣ್ಣಿನ ತಾಳಿಕೆಯನ್ನು ಅಳೆಯುವ ಪರೀಕ್ಷೆಯಲ್ಲ, ಆದರೆ ಇಲ್ಲಿ ಕ್ರೇನ್ ನಿಲ್ಲಿಸಬಾರದು ಎಂದು ಹೇಳಲು ಸಾಕು. ಭಾರ ಎತ್ತಿದ ಹೈಡ್ರಾದ ತೂಕವೆಲ್ಲ ಹೆಚ್ಚುಕಡಿಮೆ ಮುಂದಿನ ಗಾಲಿಗಳ ಮೇಲೆ ಬರುತ್ತದೆ. ಒಂದು ಗಾಲಿ ಒಂದು ಗೇಣು ಇಳಿದರೆ ಯಂತ್ರ ಆ ಕಡೆಗೆ ವಾಲುತ್ತದೆ, ಕೊಕ್ಕೆಯೂ ಆ ಕಡೆಗೇ ತೂಗಿ ವಾಲುವುದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಅದಲ್ಲದೆ ಗೋಡೆಯ ಹಿಂದಿನ ಮಣ್ಣಿನ ಮೇಲೆ ಬಿದ್ದ ಭಾರ ಗೋಡೆಯನ್ನೂ ಕಾಲುವೆಯ ಕಡೆಗೆ ತಳ್ಳುತ್ತದೆ.

ಅಗೆದ ಅಂಚಿನಿಂದ ಕನಿಷ್ಠ ಅದರ ಆಳದಷ್ಟಾದರೂ ದೂರ ನಿಲ್ಲಬೇಕು ಎಂಬುದು ಸೈಟಿನಲ್ಲಿ ಬಳಸುವ ಸ್ಥೂಲ ನಿಯಮ, ಹಸಿ ಮಣ್ಣಿದ್ದರೆ ಇನ್ನೂ ಹೆಚ್ಚು. ನಮ್ಮ ಗೋಡೆಯ ಎತ್ತರ ಎರಡು ಮೀಟರ್. ಎರಡು ಮೀಟರ್ ಹಿಂದೆ ನಿಂತರೆ ಕೊಕ್ಕೆಯ ದೂರ ಐದು ಮೀಟರ್, ಅಲ್ಲಿ ಯಂತ್ರದ ಮಿತಿ ಮೂರೂವರೆ ಟನ್ ಚಿಲ್ಲರೆ, ಭಾರ ನಾಲ್ಕು ಟನ್ ಏಳುನೂರು ಕಿಲೋ. ಮುಂದೆ ಹೋದರೆ ನೆಲ ತಾಳದು, ಹಿಂದೆ ಸರಿದರೆ ಯಂತ್ರ ತಾಳದು. ಆ ಹೈಡ್ರಾದಿಂದ ಆ ಬೀಮನ್ನು ಅಂದು ಕೂರಿಸುವ ದಾರಿಯೇ ಇರಲಿಲ್ಲ. ಕ್ರೇನಿನ ಹಿಂಭಾಗಕ್ಕೆ ನಾಲ್ಕಾಳು ಹತ್ತಿಸಿ ತೂಕ ಮಾಡುವ ಸಲಹೆಯನ್ನೂ ಯಾರೋ ಕೊಟ್ಟರು. ಹಾಗೆ ಮಾಡಿಸಿದ ಸೈಟುಗಳಿವೆ, ಅದಕ್ಕೆ ಚರ್ಚೆಯ ಅಗತ್ಯವಿಲ್ಲ, ‘ಇಲ್ಲ’ ಎಂದರೆ ಸಾಕು.

ಮೇಲಿನವರಿಗೆ ಹೇಳುವುದು, ಬರೆದಿಡುವುದು

ಪ್ರಾಜೆಕ್ಟ್ ಮ್ಯಾನೇಜರ್‌ಗೆ ಫೋನ್ ಮಾಡುವ ಮೊದಲು ಕಾಕಾ ನನ್ನನ್ನು ತಡೆದು, “ಸಾಹೇಬ್ರ, ಕಥಿ ಹೇಳಬ್ಯಾಡ್ರಿ, ಲೆಕ್ಕ ಹೇಳ್ರಿ” ಎಂದರು. ನಾನು ಹೇಳಿದ್ದು ಇಷ್ಟು: ಭಾರ 4.7 ಟನ್, ಸುರಕ್ಷಿತವಾಗಿ ನಿಂತರೆ ದೂರ 5 ಮೀಟರ್, ಅಲ್ಲಿ ಕ್ರೇನಿನ ಮಿತಿ 3.5 ಟನ್ನಿನ ಆಸುಪಾಸು, ಮುಂದೆ ಹೋಗಲು ನೆಲ ಹಸಿ ಇದೆ, ಒಂದು ಬೀಮಿನ ಬಳೆ ಬಾಗಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, “ಮತ್ತ ಏನ ಬೇಕು?” ಎಂದು ಕೇಳಿದರು. ನಿಲ್ಲಿಸಿದವನು ಈ ಪ್ರಶ್ನೆಗೆ ಉತ್ತರವನ್ನು ಸಿದ್ಧವಾಗಿಟ್ಟುಕೊಂಡಿರಬೇಕು. ಕಾಲು ಚಾಚಿ ನಿಲ್ಲುವ ದೊಡ್ಡ ಕ್ರೇನ್, ಅದರ ಕಾಲುಗಳ ಕೆಳಗೆ ಗರಸು ಮತ್ತು ದಪ್ಪ ಮರದ ಸ್ಲೀಪರ್, ಉದ್ದದ ಸ್ಲಿಂಗ್, ಭಾರ ಎತ್ತುವ ಎರಡು ಬೆಲ್ಟ್ ಎಂದೆ. ಪಕ್ಕದಲ್ಲಿ ಸೂಪರ್‌ವೈಸರ್, “ಇವತ್ತಿನ ಬಾಡಗಿ ಯಾರ ಕೊಡ್ತಾರ್ರಿ?” ಎಂದು ನನಗೆ ಕೇಳುವಂತೆಯೇ ಗೊಣಗುತ್ತಿದ್ದರು. ಆ ಪ್ರಶ್ನೆ ನ್ಯಾಯವಾದದ್ದೇ, ಆದರೆ ಅದನ್ನು ಬಗೆಹರಿಸಬೇಕಾದವರು ಕಚೇರಿಯವರು. ಬಾಡಿಗೆಯ ಮಾತು ನಡೆಯುತ್ತಿರುವಾಗ ನಿಮ್ಮ ಟೇಪಿನ ಅಂಕಿಯನ್ನು ಸ್ವಲ್ಪವೂ ಬದಲಿಸಬಾರದು.

ಫೋನ್ ಇಟ್ಟ ಮೇಲೆ ಸೈಟ್ ರಿಜಿಸ್ಟರಿನಲ್ಲಿ ನಿಲ್ಲಿಸಿದ ಸಮಯ, ಕಂಡದ್ದು, ಅಳತೆ, ಯಾರಿಗೆ ತಿಳಿಸಿದ್ದು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದೆ. ನಾನು ಊಟಕ್ಕೆ ಹೋದಾಗ ಯಾರಾದರೂ ‘ಒಂದು ಕೈ ನೋಡೋಣ’ ಎನ್ನದಿರಲಿ ಎಂದು ಸ್ಲಿಂಗ್‌ಗಳನ್ನು ಕೊಕ್ಕೆಯಿಂದ ಬಿಡಿಸಿ ಸ್ಟೋರಿಗೆ ಕಳಿಸಿದೆವು.

ಮತ್ತೆ ಎತ್ತುವಾಗ

ನಾಲ್ಕನೆಯ ದಿನ ನಲವತ್ತು ಟನ್ನಿನ ಕ್ರೇನ್ ಬಂತು. ಅಷ್ಟರಲ್ಲಿ ಗೋಡೆಯಿಂದ ಹಿಂದೆ, ಕ್ರೇನಿನ ನಾಲ್ಕು ಕಾಲು ಬರುವಲ್ಲಿ ಹಸಿ ಎರೆ ಮಣ್ಣನ್ನು ಗಟ್ಟಿ ಸಿಗುವವರೆಗೆ ತೆಗೆಸಿ, ಗರಸನ್ನು ಪದರ ಪದರವಾಗಿ ಹಾಕಿ ರೋಲರ್ ಓಡಿಸಿದ್ದೆವು. ಕಾಲುಗಳ ಕೆಳಗೆ ಸ್ಲೀಪರ್‌ಗಳನ್ನು ಎರಡು ಪದರ ಅಡ್ಡಡ್ಡ ಜೋಡಿಸಿದೆವು. ಆ ಕ್ರೇನಿನ ಚಾರ್ಟಿನಲ್ಲಿ ನಮ್ಮ ದೂರಕ್ಕೆ ನಮ್ಮ ಭಾರದ ಎರಡುಪಟ್ಟಿಗಿಂತ ಹೆಚ್ಚು ಅವಕಾಶವಿತ್ತು.

ಬಳೆ ಬಾಗಿದ ಬೀಮನ್ನು ಮಾತ್ರ ಬೇರೆ ರೀತಿಯಲ್ಲಿ ಎತ್ತಬೇಕಿತ್ತು. ಬಾಗಿದ ಬಳೆಯನ್ನು ಬಡಿದು ನೆಟ್ಟಗೆ ಮಾಡಿದರೆ ಅದು ಇನ್ನಷ್ಟು ದುರ್ಬಲವಾಗುತ್ತದೆ, ಆದ್ದರಿಂದ ಅದನ್ನು ಬಿಟ್ಟು ಬೀಮಿನ ಎರಡೂ ತುದಿಯಿಂದ ಒಂದೊಂದು ಮೀಟರ್ ಒಳಗೆ ಬೆಲ್ಟ್ ಸುತ್ತಿ ಕುಣಿಕೆ ಹಾಕಿದೆವು. ಬೀಮ್ ಗೋಡೆಯ ಮೇಲೆ ಕೂರುವುದು ಒಂದು ಅಡಿಯಷ್ಟೇ ಆದ್ದರಿಂದ ಬೆಲ್ಟ್ ಇಕ್ಕಟ್ಟಿಗೆ ಸಿಕ್ಕದೆ ಆಮೇಲೆ ಹೊರಬರುತ್ತದೆ. ಕುಣಿಕೆ ಹಾಕಿದಾಗ ಬೆಲ್ಟಿನ ಮಿತಿ ಸುಮಾರು ಐದರಲ್ಲಿ ನಾಲ್ಕು ಪಾಲಿಗೆ ಇಳಿಯುತ್ತದೆಂಬುದನ್ನು ಮರೆಯಬಾರದು. ಮೂರು ಟನ್ನಿನ ಬೆಲ್ಟ್ ಆಗ 2.4 ಟನ್ನಿಗೆ ನಿಲ್ಲುತ್ತದೆ, ನಮಗೆ ಬೇಕಾದದ್ದು 2.6. ಹಾಗಾಗಿ ಐದು ಟನ್ನಿನದನ್ನೇ ತರಿಸಿ, ಕಾಂಕ್ರೀಟಿನ ಚೂಪು ಮೂಲೆಗೆ ಹರಿಯದಂತೆ ಹಳೆಯ ರಬ್ಬರ್ ತುಂಡುಗಳನ್ನು ಕೊಟ್ಟೆವು.

ಪ್ರತಿ ಬೀಮನ್ನೂ ಮೊದಲು ಒಂದು ಗೇಣು ಎತ್ತಿ ಎರಡು ನಿಮಿಷ ಹಾಗೆಯೇ ನಿಲ್ಲಿಸಿದೆವು. ಆ ಎರಡು ನಿಮಿಷದಲ್ಲಿ ಬೀಮ್ ಒಂದು ಕಡೆ ವಾಲಿದೆಯೇ, ಬೆಲ್ಟ್ ಜಾರುತ್ತಿದೆಯೇ, ಬಳೆಯ ಬುಡದಲ್ಲಿ ಹೊಸ ಬಿರುಕು ಕಾಣುತ್ತಿದೆಯೇ, ಕ್ರೇನಿನ ಕಾಲಿನ ಕೆಳಗಿನ ಸ್ಲೀಪರ್ ಇಳಿಯುತ್ತಿದೆಯೇ ಎಂದು ನಾಲ್ಕು ಕಡೆ ನಾಲ್ವರು ನೋಡಿದರು. ಎರಡನೆಯ ಬೀಮಿನಲ್ಲಿ ಹಿಂದಿನ ಎಡಗಾಲಿನ ಹತ್ತಿರ ನಿಂತಿದ್ದ ಹುಡುಗ ಎರಡೂ ಕೈ ಚಾಚಿ ಬೀಸಿದ. ಆಪರೇಟರ್ ನಿಲ್ಲಿಸಿದ. ಕಾಕಾ ಬೀಮನ್ನು ಮತ್ತೆ ದಿಮ್ಮಿಯ ಮೇಲಿಳಿಸಿ, ಹೋಗಿ ನೋಡಿದರು. ಮೇಲಿನ ಪದರದ ಒಂದು ಸ್ಲೀಪರ್ ಉದ್ದಕ್ಕೆ ಸೀಳಿತ್ತು. ಅದನ್ನು ಬದಲಿಸಿ ಮತ್ತೆ ಎತ್ತಲು ಇಪ್ಪತ್ತೈದು ನಿಮಿಷ ಹಿಡಿಯಿತು. ಆ ಹೊತ್ತಿನಲ್ಲಿ ಸೂಪರ್‌ವೈಸರ್ ಏನೂ ಮಾತಾಡದೆ ಚಹಾ ತರಿಸಿದರು. ರಿಜಿಸ್ಟರಿನಲ್ಲಿ ಆ ಹುಡುಗನ ಹೆಸರನ್ನು ನಾನು ಬರೆದುಕೊಂಡೆ.